ಇಬ್ಬರ ತಪ್ಪು, ಒಬ್ಬರ ಕೈಯಿಂದ ಹಣ

ತುಮಕೂರು ದಾಟಿ ಚಿತ್ರದುರ್ಗದ ಕಡೆ ಹೋಗುವ ಹೆದ್ದಾರಿ. ರಾತ್ರಿ ಎರಡು ಗಂಟೆ. ಟೈರು ಒಡೆದ ಲಾರಿಯೊಂದು ಎಡಗಡೆಯ ಲೇನಿನಲ್ಲೇ ನಿಂತಿದೆ. ಪಾರ್ಕಿಂಗ್ ದೀಪ ಹಾಕಿಲ್ಲ, ಹಿಂದೆ ಎಚ್ಚರಿಕೆಯ ತ್ರಿಕೋನವನ್ನೂ ಇಟ್ಟಿಲ್ಲ. ವೇಗವಾಗಿ ಬಂದ ಖಾಸಗಿ ಬಸ್ಸೊಂದು ಹಿಂದಿನಿಂದ ಗುದ್ದುತ್ತದೆ. ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದ ಪ್ರಯಾಣಿಕನೊಬ್ಬ ಒಂದು ಕಾಲು ಕಳೆದುಕೊಳ್ಳುತ್ತಾನೆ. ಇದು ವಿಷಯ ಬಿಡಿಸಿ ಹೇಳಲು ನಾನೇ ಕಟ್ಟಿಕೊಂಡ ಪ್ರಕರಣ. ಆದರೆ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗಳಲ್ಲಿ ಕೂತು ಕೇಳಿದವರಿಗೆ ಇಂಥ ಸಂಗತಿ ಹೊಸದೇನಲ್ಲ.

ನ್ಯಾಯಮಂಡಳಿ ಸಾಕ್ಷ್ಯ ಕೇಳಿ ಇಬ್ಬರು ಚಾಲಕರದ್ದೂ ತಪ್ಪಿದೆ ಎನ್ನುತ್ತದೆ: ಬಸ್ಸಿನದು ಶೇ 60, ಲಾರಿಯದು ಶೇ 40. ಪರಿಹಾರ 12 ಲಕ್ಷ ರೂಪಾಯಿ, ಅರ್ಜಿ ಹಾಕಿದ ದಿನದಿಂದ ವರ್ಷಕ್ಕೆ ಶೇ 6ರ ಬಡ್ಡಿ. ಹಣ ಠೇವಣಿ ಆಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು ಎಂದುಕೊಂಡರೆ ಬಡ್ಡಿ 2,16,000 ಸೇರಿ ಒಟ್ಟು 14,16,000 ರೂಪಾಯಿ. ಬಸ್ಸಿನ ವಿಮಾ ಕಂಪನಿ ತನ್ನ ಪಾಲು ಲೆಕ್ಕ ಹಾಕಿ 8,49,600 ರೂಪಾಯಿ ಕಟ್ಟಿ, ಉಳಿದದ್ದನ್ನು ಲಾರಿಯವರ ಹತ್ತಿರ ಕೇಳಿಕೊಳ್ಳಿ ಎನ್ನುತ್ತದೆ. ಲಾರಿಯ ವಿಮೆ ಅವಧಿ ಮುಗಿದು ತಿಂಗಳುಗಳಾಗಿವೆ. ಲಾರಿಯ ಮಾಲೀಕ ನೋಟಿಸು ತೆಗೆದುಕೊಂಡೂ ನ್ಯಾಯಾಲಯದ ಕಡೆ ತಲೆ ಹಾಕಿಲ್ಲ.

ಕಾಲು ಕಳೆದುಕೊಂಡವನು ಉಳಿದ 5,66,400 ರೂಪಾಯಿಗಾಗಿ ಈ ಮಾಲೀಕನ ಹಿಂದೆ ಅಲೆಯಬೇಕೇ?

ಅಲೆಯಬೇಕಿಲ್ಲ. ಬಸ್ಸಿನವರಿಂದಲೇ ಪೂರ್ತಿ ಹಣ ಕೇಳುವ ಹಕ್ಕು ಅವನಿಗಿದೆ. ಪೂರ್ತಿ ಕೊಟ್ಟ ಮೇಲೆ ಲಾರಿಯ ಪಾಲನ್ನು ಲಾರಿಯವನಿಂದ ವಸೂಲಿ ಮಾಡಿಕೊಳ್ಳುವ ಹಕ್ಕು ಬಸ್ಸಿನವರಿಗಿದೆ. ಈ ಎರಡು ಹಕ್ಕುಗಳನ್ನು ಒಂದರೊಳಗೊಂದು ಕಲಸಿ, ಒಬ್ಬರ ಜಗಳವನ್ನು ಇನ್ನೊಬ್ಬರ ಹೆಗಲಿಗೆ ಹಾಕುವುದರಿಂದಲೇ ಗಾಯಾಳುಗಳಿಗೆ ಅನ್ಯಾಯವಾಗುತ್ತದೆ.

ಪೂರ್ತಿ ಹಣವನ್ನು ಒಬ್ಬರೇ ಯಾಕೆ ಕೊಡಬೇಕು ಎಂದು ಬಸ್ಸಿನ ಮಾಲೀಕ ಕೇಳುವುದು ಸಹಜ. ತನ್ನ ಚಾಲಕನ ತಪ್ಪು ಶೇ 60 ಮಾತ್ರ ತಾನೇ ಎಂಬುದು ಅವನ ವಾದ. ಆದರೆ ಆ ಶೇ 60 ತಪ್ಪಿನ ಅಳತೆ, ಗಾಯದ ಅಳತೆಯಲ್ಲ. ಮುರಿದ ಕಾಲಿನ ಶೇ 60 ಭಾಗವನ್ನು ಬಸ್ಸೂ ಶೇ 40 ಭಾಗವನ್ನು ಲಾರಿಯೂ ಮುರಿದವು ಎಂದು ಹೇಳಲಾಗದು. ಬಸ್ಸು ನಿಧಾನವಾಗಿ ಬಂದಿದ್ದರೆ ಕಾಲು ಉಳಿಯುತ್ತಿತ್ತು, ಲಾರಿಗೆ ದೀಪ ಇದ್ದಿದ್ದರೂ ಉಳಿಯುತ್ತಿತ್ತು. ಒಬ್ಬೊಬ್ಬರ ತಪ್ಪೂ ಇಡೀ ಗಾಯಕ್ಕೆ ಕಾರಣ, ಆದ್ದರಿಂದ ಒಬ್ಬೊಬ್ಬರೂ ಇಡೀ ಹಣಕ್ಕೆ ಹೊಣೆ. ತೀರ್ಪುಗಳಲ್ಲಿ ಬರುವ ‘ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯಸ್ಥರು’ ಎಂಬ ಮಾತಿನ ಅರ್ಥ ಇಷ್ಟೇ. ಬ್ಯಾಂಕಿನ ಸಾಲಕ್ಕೆ ಇಬ್ಬರು ಜಾಮೀನು ನಿಂತಾಗ ನಡೆಯುವುದೂ ಹೀಗೆಯೇ: ಬ್ಯಾಂಕು ಕೈಗೆ ಸಿಕ್ಕ ಜಾಮೀನುದಾರನಿಂದ ಪೂರ್ತಿ ವಸೂಲಿ ಮಾಡುತ್ತದೆ, ಕಟ್ಟಿದವನು ಆಮೇಲೆ ಇನ್ನೊಬ್ಬನನ್ನು ಪಾಲು ಕೇಳುತ್ತಾನೆ.

ಜಾಮೀನುದಾರರಿಗೆ ಸಲೀಸಾಗಿ ಸಿಕ್ಕಿದ ಈ ಹಕ್ಕು ತಪ್ಪು ಮಾಡಿದವರಿಗೆ ಅಷ್ಟು ಸುಲಭದಲ್ಲಿ ಸಿಗಲಿಲ್ಲ. 1799ರಲ್ಲಿ ಇಂಗ್ಲೆಂಡಿನಲ್ಲಿ ಮೆರ್ರಿವೆದರ್ ಮತ್ತು ನಿಕ್ಸನ್ ಎಂಬಿಬ್ಬರ ನಡುವೆ ಒಂದು ವ್ಯಾಜ್ಯ ನಡೆಯಿತು. ಒಂದು ಗಿರಣಿಗೂ ಅದರ ಯಂತ್ರೋಪಕರಣಕ್ಕೂ ಹಾನಿ ಮಾಡಿದ್ದಾರೆಂದು ಸ್ಟಾರ್ಕಿ ಎಂಬಾತ ಇಬ್ಬರ ಮೇಲೂ ದಾವೆ ಹೂಡಿ 840 ಪೌಂಡಿನ ತೀರ್ಪು ಪಡೆದ. ಆಮೇಲೆ ಇಡೀ ಮೊತ್ತವನ್ನು ಮೆರ್ರಿವೆದರ್ ಒಬ್ಬನಿಂದಲೇ ವಸೂಲಿ ಮಾಡಿದ. ಅರ್ಧವನ್ನಾದರೂ ಕೊಡು ಎಂದು ಮೆರ್ರಿವೆದರ್ ನಿಕ್ಸನ್ ಮೇಲೆ ದಾವೆ ಹಾಕಿದಾಗ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೂಡಿ ತಪ್ಪು ಮಾಡಿದವರು ತಮ್ಮೊಳಗಿನ ಲೆಕ್ಕ ತೀರಿಸಿಕೊಳ್ಳಲು ನ್ಯಾಯಾಲಯಕ್ಕೆ ಬರುವಂತಿಲ್ಲ ಎಂಬ ನಿಯಮ ಅಲ್ಲಿಂದ ಬೇರೂರಿತು.

ಕೇಳಲು ಇದು ನೀತಿಯ ಮಾತಿನಂತಿದೆ. ಫಲ ಮಾತ್ರ ವಿಚಿತ್ರವಾಗಿತ್ತು. ನಷ್ಟ ಪೂರ್ತಿ ಯಾರ ಮೇಲೆ ಬೀಳುತ್ತದೆ ಎಂಬುದು ತಪ್ಪಿನ ತೂಕದ ಮೇಲಲ್ಲ, ವಾದಿ ಯಾರನ್ನು ಹಿಡಿದ ಎಂಬುದರ ಮೇಲೆ ನಿಂತಿತು. ಹೆಚ್ಚು ತಪ್ಪು ಮಾಡಿದವನು ಕಣ್ಣಿಗೆ ಬೀಳದೆ ಉಳಿದರೆ ಒಂದು ಪೈಸೆ ಕೊಡದೆ ಪಾರಾಗಬಹುದಿತ್ತು. ಬೇಕೆಂದೇ ಸಂಚು ಹೂಡಿದ ಇಬ್ಬರಿಗೆ ಈ ಮಾತು ಒಪ್ಪೀತು. ಒಬ್ಬರ ಮುಖ ಒಬ್ಬರು ಕಾಣದೆ, ಬರೀ ಅಜಾಗರೂಕತೆಯಿಂದ ಒಂದೇ ಅಪಘಾತಕ್ಕೆ ಕಾರಣರಾದ ಇಬ್ಬರು ಚಾಲಕರಿಗೆ ಒಪ್ಪುವುದಿಲ್ಲ. ಇಂಗ್ಲೆಂಡೇ 1935ರ ಕಾಯ್ದೆಯಿಂದ ಈ ನಿಯಮವನ್ನು ಬದಿಗಿಟ್ಟಿತು. 1978ರಲ್ಲಿ ಇನ್ನಷ್ಟು ವಿಶಾಲವಾದ ಕಾಯ್ದೆ ತಂದಿತು. ಭಾರತದಲ್ಲಿ ಇದಕ್ಕೆಂದೇ ಸಂಸತ್ತು ಮಾಡಿದ ಕಾಯ್ದೆ ಇವತ್ತಿಗೂ ಇಲ್ಲ. ಆದರೂ 1951ರಲ್ಲೇ ಅಲಹಾಬಾದ್ ಹೈಕೋರ್ಟಿನ ಪೂರ್ಣಪೀಠ ಆ ಹಳೆಯ ಇಂಗ್ಲಿಷ್ ನಿಯಮ ಇಲ್ಲಿಗೆ ಅನ್ವಯಿಸದು ಎಂದಿತು. ಹಾಗಾಗಿ ನಮ್ಮಲ್ಲಿ ಪಾಲು ವಸೂಲಿಯ ಹಕ್ಕು ಬೆಳೆದದ್ದು ತೀರ್ಪುಗಳ ಮೂಲಕ, ಮುಖ್ಯವಾಗಿ ವಾಹನ ಅಪಘಾತದ ತೀರ್ಪುಗಳ ಮೂಲಕ.

ಆ ಸಾಲಿನಲ್ಲಿ ಎಲ್ಲರೂ ಎತ್ತಿ ಹೇಳುವುದು ಸುಪ್ರೀಂ ಕೋರ್ಟು 2015ರ ಮೇ ತಿಂಗಳಲ್ಲಿ ಕೊಟ್ಟ ಖೆನ್ಯೆಯಿ ಪ್ರಕರಣದ ತೀರ್ಪು. ಅಲ್ಲೂ ಒಂದು ಬಸ್ಸು ಮತ್ತು ಒಂದು ಟ್ರೇಲರ್ ಲಾರಿ ಡಿಕ್ಕಿ ಹೊಡೆದಿದ್ದವು. ಲಾರಿಯದು ಮೂರರಲ್ಲಿ ಎರಡು ಪಾಲು ತಪ್ಪು, ಬಸ್ಸಿನದು ಒಂದು ಪಾಲು. ಎದುರಿಗಿದ್ದ ವಿಮಾ ಕಂಪನಿ ಬಸ್ಸಿಗೆ ಮಾತ್ರ ವಿಮೆ ಕೊಟ್ಟದ್ದು, ಲಾರಿಗಲ್ಲ ಎಂದು ಹೈಕೋರ್ಟಿನಲ್ಲಿ ತೀರ್ಮಾನವಾಗಿತ್ತು. ಆದ್ದರಿಂದ ಲಾರಿಯ ಪಾಲಿನ ಮೂರರಲ್ಲಿ ಎರಡು ಭಾಗಕ್ಕೆ ಆ ಕಂಪನಿ ಹೊಣೆಯಲ್ಲ ಎಂದು ಹೈಕೋರ್ಟು ಹೇಳಿತ್ತು. ಗಾಯಾಳುಗಳು ಸುಪ್ರೀಂ ಕೋರ್ಟಿಗೆ ಹೋದರು, ಅವರ ಮೇಲ್ಮನವಿ ಪುರಸ್ಕೃತವಾಯಿತು. ಕಡಿಮೆ ತಪ್ಪಿದ್ದ ಬಸ್ಸಿನ ಕಡೆಯಿಂದಲೇ ಅವರು ಪೂರ್ತಿ ಹಣ ಪಡೆಯಬಹುದು ಎಂದಾಯಿತು. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠಗಳು ಅದಕ್ಕೂ ಮೊದಲೇ ಇದೇ ದಾರಿ ಹಿಡಿದಿದ್ದವು. ಸುಪ್ರೀಂ ಕೋರ್ಟು ಅವುಗಳನ್ನು ಚರ್ಚಿಸಿ ಒಪ್ಪಿಕೊಂಡಿತು.

ತೀರ್ಪಿನಲ್ಲಿ ಮಾಲೀಕರೂ ವಿಮಾದಾರರೂ ನೆನಪಿಡಬೇಕಾದ ಭಾಗ ಮುಂದಿನದು. ಎರಡೂ ವಾಹನದವರು ಪ್ರಕರಣದಲ್ಲಿ ಪಕ್ಷಕಾರರಾಗಿದ್ದು, ಸಾಕ್ಷ್ಯ ಸಾಕಷ್ಟಿದ್ದರೆ, ನ್ಯಾಯಮಂಡಳಿ ಅವರವರ ನಡುವಿನ ತಪ್ಪಿನ ಪ್ರಮಾಣವನ್ನು ಗೊತ್ತುಮಾಡಬಹುದು. ಹಾಗೆ ಗೊತ್ತುಮಾಡಿದ ಅನುಪಾತ ಅವರಿಬ್ಬರ ಲೆಕ್ಕಕ್ಕೆ ಮಾತ್ರ, ಗಾಯಾಳುವಿನ ಮೇಲೆ ಅದು ನಡೆಯದು. ಪೂರ್ತಿ ಕಟ್ಟಿದವನು ಅದೇ ಪ್ರಕರಣದ ಅಮಲ್ಜಾರಿ ಅರ್ಜಿಯಲ್ಲೇ ಇನ್ನೊಬ್ಬನಿಂದ ಪಾಲು ವಸೂಲಿ ಮಾಡಬಹುದು. ಇನ್ನೊಬ್ಬನನ್ನು ಪಕ್ಷಕಾರನಾಗಿ ಸೇರಿಸದೇ ಇದ್ದಲ್ಲಿ ಅವನ ಬೆನ್ನ ಹಿಂದೆ ಅವನ ತಪ್ಪು ಇಷ್ಟೆಂದು ಅಳೆಯುವುದು ಸರಿಯಲ್ಲ. ಆಗ ಹಣ ಕಟ್ಟಿದವನು ತೀರ್ಪಾದ ಮೇಲೆ ಬೇಕಿದ್ದರೆ ಪ್ರತ್ಯೇಕವಾಗಿ ದಾವೆ ಹೂಡಬೇಕು.

ಈ ಎರಡು ದಾರಿಗಳ ನಡುವಿನ ದೂರ ಬಹಳ. ಮೊದಲ ದಾರಿಯಲ್ಲಿ ಅನುಪಾತ ಆಗಲೇ ತೀರ್ಮಾನವಾಗಿರುತ್ತದೆ. ತೀರ್ಪಿನ ದೃಢೀಕೃತ ನಕಲು, ಪೂರ್ತಿ ಮೊತ್ತ ಠೇವಣಿ ಇಟ್ಟದ್ದಕ್ಕೆ ದಾಖಲೆ, ಇನ್ನೊಬ್ಬನ ಪಾಲಿನ ಲೆಕ್ಕದ ಹಾಳೆ, ಇಷ್ಟು ಜೋಡಿಸಿದರೆ ಕೆಲಸ ಶುರುವಾಗುತ್ತದೆ. ಎರಡನೇ ದಾರಿಯಲ್ಲಿ ಎಲ್ಲವೂ ಮೊದಲಿನಿಂದ. ನ್ಯಾಯಾಲಯ ಶುಲ್ಕ ಕಟ್ಟಬೇಕು. ಲಾರಿಯವನು ಹಿಂದಿನ ಪ್ರಕರಣದಲ್ಲಿ ಇರಲೇ ಇಲ್ಲವಾದ್ದರಿಂದ ಅಲ್ಲಿನ ತೀರ್ಮಾನ ಅವನನ್ನು ಕಟ್ಟಿಹಾಕುವುದಿಲ್ಲ. ದೀಪವಿಲ್ಲದೆ ಲಾರಿ ನಿಂತಿತ್ತು ಎಂಬುದನ್ನು ಮತ್ತೊಮ್ಮೆ ಸಾಕ್ಷಿ ಕರೆಸಿ ರುಜುವಾತು ಮಾಡಬೇಕು. ಅಷ್ಟರಲ್ಲಿ ಕಂಡಕ್ಟರು ಕೆಲಸ ಬಿಟ್ಟಿರುತ್ತಾನೆ, ಪಂಚನಾಮೆಗೆ ಸಹಿ ಹಾಕಿದವರಿಗೆ ಆ ರಾತ್ರಿ ಮರೆತಿರುತ್ತದೆ.

ಗಾಯಾಳುವಿನ ವಕೀಲರು ಒಬ್ಬರನ್ನು ಮಾತ್ರ ಎದುರುದಾರರನ್ನಾಗಿ ಮಾಡುವುದು ಅಪರೂಪವೇನಲ್ಲ, ಅದು ಅವರ ಹಕ್ಕು ಕೂಡ. ನೋಟಿಸು ಕೊಡಬೇಕಾದವರು ಕಡಿಮೆಯಾದಷ್ಟೂ ಪ್ರಕರಣ ಬೇಗ ಸಾಗುತ್ತದೆ. ಇನ್ನೊಂದು ವಾಹನವನ್ನು ಒಳಗೆ ತರಬೇಕಾದ ಆಸಕ್ತಿ ಇರುವುದು ಎದುರುದಾರನಿಗೆ. ಆಕ್ಷೇಪಣೆಯಲ್ಲಿ ‘ಲಾರಿಯದೂ ತಪ್ಪಿದೆ’ ಎಂದು ಒಂದು ಸಾಲು ಬರೆದು ಸುಮ್ಮನಿದ್ದರೆ ಏನೂ ಆಗದು. ಲಾರಿಯ ನೋಂದಣಿ ಸಂಖ್ಯೆ, ಮಾಲೀಕ ಮತ್ತು ವಿಮಾದಾರರ ವಿವರ ಕೊಟ್ಟು, ಅವರನ್ನು ಪಕ್ಷಕಾರರನ್ನಾಗಿ ಸೇರಿಸಬೇಕೆಂದು ವಿಚಾರಣೆಯ ಆರಂಭದಲ್ಲೇ ಅರ್ಜಿ ಹಾಕಬೇಕು. ಬಸ್ ಮಾಲೀಕರು ಇಡೀ ಪ್ರಕರಣವನ್ನು ವಿಮಾ ಕಂಪನಿಗೆ ಬಿಟ್ಟು ನಿಶ್ಚಿಂತರಾಗುವುದು ರೂಢಿ. ಪರ್ಮಿಟ್ಟಿನಲ್ಲೋ ಚಾಲಕನ ಲೈಸೆನ್ಸಿನಲ್ಲೋ ದೋಷ ಸಿಕ್ಕಿ ಹೊಣೆ ಮಾಲೀಕನ ತಲೆಗೇ ಬಂದ ದಿನ, ಆ ಅರ್ಜಿ ಹಾಕದೇ ಬಿಟ್ಟದ್ದರ ಬೆಲೆ ತಿಳಿಯುತ್ತದೆ.

ಅನುಪಾತ ಎಲ್ಲಿಂದ ಬರುತ್ತದೆ? ಹೆಚ್ಚಿನ ಪಾಲು ಪೊಲೀಸ್ ಕಡತದಿಂದ: ಎಫ್‌ಐಆರ್, ಸ್ಥಳ ಪಂಚನಾಮೆ, ಸ್ಕೆಚ್ಚು, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪಣ ಪಟ್ಟಿ. ನಮ್ಮ ಪ್ರಕರಣದಲ್ಲಿ ಸ್ಕೆಚ್ಚನ್ನು ಹತ್ತಿರದಿಂದ ನೋಡಿದರೆ ರಸ್ತೆಯ ಅಗಲ ಎಷ್ಟು, ಡಾಂಬರಿನ ಅಂಚಿನಿಂದ ಲಾರಿಯ ಚಕ್ರ ಎಷ್ಟು ಅಡಿ ಒಳಗಿತ್ತು, ಬಸ್ಸಿನ ಬ್ರೇಕಿನ ಗುರುತು ಎಲ್ಲಿ ಶುರುವಾಯಿತು ಎಂಬುದು ಕಾಣಬೇಕು. ಬ್ರೇಕಿನ ಗುರುತೇ ಇಲ್ಲದಿದ್ದರೆ ಬಸ್ ಚಾಲಕ ಕೊನೆಯ ಗಳಿಗೆವರೆಗೂ ಲಾರಿಯನ್ನು ನೋಡಿಲ್ಲ ಎಂದರ್ಥ. ಅದು ಅವನ ನಿದ್ದೆಯನ್ನೂ ಹೇಳಬಹುದು, ಲಾರಿಯ ಕತ್ತಲೆಯನ್ನೂ ಹೇಳಬಹುದು. ವಾಹನವನ್ನು ಇತರರಿಗೆ ಅಪಾಯವಾಗುವಂತೆ ನಿಲ್ಲಿಸಕೂಡದು ಎಂದು ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಹೇಳುತ್ತದೆ. ಲಾರಿಯ ಪಾಲು ನಿಲ್ಲುವುದು ಅದರ ಮೇಲೆ.

ತೊಂದರೆ ಏನೆಂದರೆ, ಪೊಲೀಸರು ಹಲವು ಸಲ ಹಿಂದಿನಿಂದ ಬಂದು ಗುದ್ದಿದವನ ಮೇಲೆ ಮಾತ್ರ ದೋಷಾರೋಪಣ ಪಟ್ಟಿ ಹಾಕುತ್ತಾರೆ. ಅದೊಂದನ್ನೇ ನೋಡಿ ಬಸ್ಸಿನವರು ಸೋತೆವೆಂದುಕೊಳ್ಳಬೇಕಿಲ್ಲ. ದೋಷಾರೋಪಣ ಪಟ್ಟಿ ಸಾಕ್ಷ್ಯದ ಒಂದು ತುಣುಕು ಮಾತ್ರ, ನ್ಯಾಯಮಂಡಳಿಗೆ ಅದೇ ಕೊನೆಯ ಮಾತಲ್ಲ. ಆದರೆ ಅದನ್ನು ದಾಟಲು ಚಾಲಕನನ್ನು ಸಾಕ್ಷಿಕಟ್ಟೆಗೆ ಹತ್ತಿಸಿ, ಎದುರಿನವರ ಪಾಟೀಸವಾಲಿಗೆ ಒಡ್ಡಬೇಕು. ಚಾಲಕನನ್ನು ಕರೆಸದೇ ‘ಲಾರಿಯದೇ ತಪ್ಪು’ ಎಂದು ವಾದಿಸುವ ಪ್ರಕರಣಗಳಲ್ಲಿ ನ್ಯಾಯಾಧೀಶರು ಅದನ್ನು ಒಪ್ಪದೇ ಹೋದರೆ ಆಶ್ಚರ್ಯವಿಲ್ಲ.

ಇನ್ನು ತೀರ್ಪಿನ ಕೊನೆಯ ಪುಟ. ಅಲ್ಲಿರುವ ಆದೇಶದ ಭಾಗವನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಎದುರುದಾರರೆಲ್ಲರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯಸ್ಥರು, ಅವರವರ ನಡುವೆ ಬಸ್ಸಿನ ಹೊಣೆ ಶೇ 60, ಲಾರಿಯ ಹೊಣೆ ಶೇ 40’ ಎನ್ನುವುದು ಒಂದು. ‘ಬಸ್ಸಿನ ವಿಮಾದಾರರು ಶೇ 60, ಲಾರಿಯ ಮಾಲೀಕರು ಶೇ 40 ಠೇವಣಿ ಇಡತಕ್ಕದ್ದು’ ಎನ್ನುವುದು ಇನ್ನೊಂದು. ಅಂಕಿಗಳು ಒಂದೇ ಆದರೂ ಎರಡನೆಯದರಲ್ಲಿ ಗಾಯಾಳುವಿನ 5,66,400 ರೂಪಾಯಿ ವಿಮೆಯಿಲ್ಲದ ಲಾರಿಯ ಮೇಲೆ ಹೋಗಿ ಕೂರುತ್ತದೆ. ಖೆನ್ಯೆಯಿ ತೀರ್ಪು ಬೇಡವೆಂದದ್ದು ಇದನ್ನೇ. ಎರಡೂ ವಾಹನಗಳಿಗೆ ಸರಿಯಾದ ವಿಮೆ ಇದ್ದಾಗ ಎರಡು ಕಂಪನಿಗಳೂ ತಂತಮ್ಮ ಪಾಲು ಕಟ್ಟಿಬಿಡುತ್ತವೆ, ಯಾರಿಗೂ ತೊಂದರೆ ಕಾಣುವುದಿಲ್ಲ. ವಿಮೆಯಿಲ್ಲದ ವಾಹನ ಬಂದಾಗ ಮಾತ್ರ ಆ ಒಂದು ಸಾಲು ಲಕ್ಷಗಟ್ಟಲೆ ರೂಪಾಯಿಯ ಪ್ರಶ್ನೆಯಾಗುತ್ತದೆ. ಗಾಯಾಳುವಿನ ಕಡೆಯವರು ಈ ಸಾಲನ್ನು ಓದಿ, ಎರಡನೇ ಬಗೆಯಲ್ಲಿದ್ದರೆ 90 ದಿನಗಳ ಮೇಲ್ಮನವಿ ಅವಧಿಯೊಳಗೆ ಎಚ್ಚೆತ್ತುಕೊಳ್ಳಬೇಕು. ಅನುಪಾತವೇ ತಪ್ಪೆನಿಸಿದ ವಾಹನ ಮಾಲೀಕನಿಗೂ ವಿಮಾದಾರನಿಗೂ ಅಷ್ಟೇ ಅವಧಿ.

ಪೂರ್ತಿ ಕಟ್ಟಿದ ಮೇಲೆ ವಸೂಲಿ ಎಷ್ಟು? ಎಷ್ಟು ಕೊಟ್ಟರೋ ಅದರ ಶೇ 40 ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ತನ್ನ ಪಾಲಿಗಿಂತ ಎಷ್ಟು ಹೆಚ್ಚು ಕೊಟ್ಟರೋ ಅಷ್ಟು ಮಾತ್ರ. ಬಸ್ಸಿನ ವಿಮಾ ಕಂಪನಿ 14,16,000 ಕಟ್ಟಿದ್ದರೆ ತನ್ನ ಪಾಲಾದ 8,49,600 ಕಳೆದು 5,66,400 ಕೇಳಬಹುದು. ಇಲ್ಲಿಯವರೆಗೆ 10 ಲಕ್ಷ ಮಾತ್ರ ಕಟ್ಟಿದ್ದರೆ 1,50,400. ಎಂಟು ಲಕ್ಷ ಕಟ್ಟಿ ನಿಂತಿದ್ದರೆ ಏನೂ ಇಲ್ಲ, ಯಾಕೆಂದರೆ ತನ್ನ ಸ್ವಂತ ಹೊಣೆಯೇ ಇನ್ನೂ ತೀರಿಲ್ಲ. ತೀರ್ಪು ಬಂದ ಮಾತ್ರಕ್ಕೆ ಈ ಹಕ್ಕು ಹುಟ್ಟುವುದಿಲ್ಲ, ಹಣ ಕೈಬಿಟ್ಟಾಗ ಹುಟ್ಟುತ್ತದೆ. ಕಾಲಮಿತಿಯ ಲೆಕ್ಕವೂ ಹಾಗೆಯೇ. ಜಂಟಿ ಡಿಕ್ರಿಯಡಿ ಹೆಚ್ಚು ಕಟ್ಟಿದವನು ಪಾಲಿಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯ 48ನೇ ಅನುಚ್ಛೇದ ಮೂರು ವರ್ಷ ಕೊಡುತ್ತದೆ, ಎಣಿಕೆ ಶುರುವಾಗುವುದು ತನ್ನ ಪಾಲಿಗಿಂತ ಹೆಚ್ಚು ಕಟ್ಟಿದ ದಿನದಿಂದ.

ಇದರ ಪಕ್ಕದಲ್ಲೇ ಇರುವ, ಜನ ಒಂದೇ ಎಂದು ತಿಳಿಯುವ ಇನ್ನೊಂದು ಸಂಗತಿಯಿದೆ. ಮೇಲೆ ಹೇಳಿದ್ದೆಲ್ಲ ಗಾಯಾಳುವಿನ ತಪ್ಪು ಏನೂ ಇಲ್ಲದಿದ್ದಾಗ. ಗಾಯಾಳುವೇ ತಪ್ಪಿನಲ್ಲಿ ಪಾಲುದಾರನಾದರೆ ಅವನ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ. ವಕೀಲರು ಮೊದಲನೆಯದನ್ನು ಕಾಂಪೋಸಿಟ್ ನೆಗ್ಲಿಜೆನ್ಸ್, ಎರಡನೆಯದನ್ನು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎನ್ನುತ್ತಾರೆ. ಒಂದೇ ಅಪಘಾತದಲ್ಲಿ ಎರಡೂ ಇರಬಹುದು. ಬೈಕಿನಲ್ಲಿ ಅಣ್ಣ ಓಡಿಸುತ್ತಿದ್ದಾನೆ, ತಮ್ಮ ಹಿಂದೆ ಕೂತಿದ್ದಾನೆ. ಕಾರಿಗೆ ಡಿಕ್ಕಿಯಾಗಿ ಇಬ್ಬರಿಗೂ ಪೆಟ್ಟು ಬೀಳುತ್ತದೆ. ಬೈಕು ಮತ್ತು ಕಾರಿನ ತಪ್ಪು ಸಮಸಮ. ಕಾರಿನವರಿಂದ ಅಣ್ಣನಿಗೆ ಅರ್ಧ ಪರಿಹಾರವೇ ಸಿಗುವುದು, ಉಳಿದರ್ಧ ಅವನದೇ ತಪ್ಪು. ತಮ್ಮನದು ತಪ್ಪೇ ಇಲ್ಲ, ಆದ್ದರಿಂದ ಕಾರಿನವರಿಂದಲೇ ಪೂರ್ತಿ ಸಿಗುತ್ತದೆ. ಆಮೇಲೆ ಕಾರಿನ ವಿಮಾ ಕಂಪನಿ ತಮ್ಮನಿಗೆ ಕೊಟ್ಟದ್ದರಲ್ಲಿ ಅರ್ಧವನ್ನು ಬೈಕಿನ ಕಡೆಯಿಂದ ಕೇಳಬಹುದು. ತಮ್ಮನ ಅರ್ಜಿಗೂ ‘ಅರ್ಧ ಕಡಿತ’ ಎಂದು ವಾದಿಸುವವರಿದ್ದಾರೆ, ಅದಕ್ಕೆ ತಲೆಯಾಡಿಸಕೂಡದು. ಈ ಭೇದವನ್ನು ಸುಪ್ರೀಂ ಕೋರ್ಟು 2008ರ ಟಿ.ಒ. ಆಂಟನಿ ಪ್ರಕರಣದಲ್ಲಿ ಬಿಡಿಸಿ ಹೇಳಿದೆ.

ವಿಮಾ ಕಂಪನಿ ಮೊದಲು ಕಟ್ಟಿ, ಆಮೇಲೆ ತನ್ನದೇ ಗ್ರಾಹಕನಾದ ವಾಹನ ಮಾಲೀಕನಿಂದ ವಸೂಲಿ ಮಾಡಲಿ ಎಂದು ನ್ಯಾಯಾಲಯ ಹೇಳುವುದೂ ಉಂಟು. ಅದು ಪಾಲಿಸಿಯ ಷರತ್ತು ಮುರಿದದ್ದಕ್ಕೆ, ಒಂದೇ ವಾಹನದ ಒಳಗಿನ ಲೆಕ್ಕ. ನಾವು ಮಾತಾಡುತ್ತಿರುವುದು ಎರಡು ವಾಹನಗಳ ನಡುವಿನ ಲೆಕ್ಕ.

ಹಕ್ಕು ಇದೆ ಎಂದರೆ ಹಣ ಬಂತೆಂದಲ್ಲ. ಡಿಕ್ಕಿ ಹೊಡೆದು ಓಡಿಹೋದ ಇನ್ನೊಂದು ವಾಹನದ ನಂಬರು ಗೊತ್ತಿಲ್ಲದಿದ್ದರೆ ಪಾಲು ಕೇಳಲು ಮನುಷ್ಯನೇ ಇಲ್ಲ. ನಮ್ಮ ಲಾರಿಯ ಮಾಲೀಕ ಸಿಕ್ಕರೂ, ಲಾರಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದರೆ ಜಪ್ತಿಗೆ ಏನು ಉಳಿಯಿತು? ಅವನು ತೀರಿಹೋಗಿದ್ದರೆ ವಾರಸುದಾರರು ಹೊಣೆಯಾಗುವುದು ಅವನಿಂದ ಅವರಿಗೆ ಬಂದ ಆಸ್ತಿಯಷ್ಟಕ್ಕೆ ಮಾತ್ರ. ಅಂಥ ಕಡೆ 5,66,400 ರೂಪಾಯಿ ಬಸ್ಸಿನ ವಿಮಾ ಕಂಪನಿಯ ಪುಸ್ತಕದಲ್ಲಿ ಬಾಕಿಯಾಗಿ ಉಳಿಯುತ್ತದೆ. ಇದು ಬಸ್ಸಿನವರಿಗೆ ನಷ್ಟವೇ. ಆದರೆ ಆ ನಷ್ಟ ಹೊರಬೇಕಾದವರು ಯಾರು ಎಂಬ ಆಯ್ಕೆ ಬಂದಾಗ, ಶೇ 60 ತಪ್ಪು ಮಾಡಿದವರು ಮತ್ತು ಏನೂ ತಪ್ಪು ಮಾಡದೆ ಸೀಟಿನಲ್ಲಿ ಮಲಗಿದ್ದವನು, ಇವರಿಬ್ಬರಲ್ಲಿ ಕಾನೂನು ಮೊದಲಿನವರನ್ನು ಆರಿಸಿದೆ. ಬಸ್ಸಿನವರಿಗೆ ಲಾರಿಯವನು ಕೊಡಲಿ ಬಿಡಲಿ, ಪ್ರಯಾಣಿಕನ ಹಣ ಅದಕ್ಕಾಗಿ ಕಾಯುವಂತಿಲ್ಲ.